ತಿರಸ್ಕೃತವಾದ ಅರ್ಜಿಯನ್ನು ಮತ್ತೆ ಹಾಕುವುದು: ಮೊದಲ ಬಾರಿ ಜಾತಿ–ಆದಾಯ ಪ್ರಮಾಣಪತ್ರ ಮಾಡಿಸುವವರಿಗೆ

ಪ್ರಶ್ನೆ: ದಾವಣಗೆರೆಯಲ್ಲಿ ಬಾಡಿಗೆ ಮನೆಯಲ್ಲಿದ್ದು ಆಟೊ ಓಡಿಸುತ್ತೇನೆ. ಸ್ವಂತ ಊರು ಜಗಳೂರು ತಾಲ್ಲೂಕಿನಲ್ಲಿದೆ. ಎರಡು ಎಕರೆ ಜಮೀನು, ಬಿಪಿಎಲ್ ಕಾರ್ಡ್ ಎರಡೂ ಊರಿನ ವಿಳಾಸದಲ್ಲೇ ಇವೆ. ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ನಮ್ಮದು ಪ್ರವರ್ಗ 2ಎ. ಸಿಇಟಿಗೆ ಬೇಕೆಂದು ಸೈಬರ್ ಅಂಗಡಿಯಲ್ಲಿ ಜಾತಿ–ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಸಿದೆ. ‘ವಾಸ ಹಾಗೂ ದಾಖಲೆ ದೃಢಪಟ್ಟಿಲ್ಲ’ ಎಂದು ತಿರಸ್ಕೃತವಾಗಿದೆ. ಅದು ನನಗೆ ತಿಳಿದದ್ದೇ ತಿಂಗಳಾದ ಮೇಲೆ. ಒಮ್ಮೆ ತಿರಸ್ಕೃತವಾದರೆ ಮತ್ತೆ ಹಾಕಲು ಬರುವುದಿಲ್ಲ, ಯಾರನ್ನಾದರೂ ಹಿಡಿಯದೆ ಆಗುವುದಿಲ್ಲ ಎನ್ನುತ್ತಾರೆ. ಆದಾಯವನ್ನು ನಿಜ ಬರೆದರೆ ಬಿಪಿಎಲ್ ಕಾರ್ಡಿಗೆ ತೊಂದರೆಯೇ? ನಾನೇ ಮೊಬೈಲ್‌ನಲ್ಲಿ ಹಾಕಬಹುದೇ? ನನಗೆ ಇದೆಲ್ಲ ಹೊಸದು.

ಉತ್ತರ: ಮತ್ತೆ ಹಾಕಬಹುದು, ನೀವೇ ಹಾಕಬಹುದು. ತಿರಸ್ಕೃತವಾದದ್ದು ಆ ಒಂದು ಅರ್ಜಿ ಮಾತ್ರ. ನಿಮ್ಮ ಜಾತಿ ಸುಳ್ಳು ಎಂದು ಯಾರೂ ತೀರ್ಮಾನಿಸಿಲ್ಲ. ಕಂದಾಯ ಇಲಾಖೆಯಲ್ಲಿ ಬಹುಕಾಲ ಇದ್ದು, ಕೊನೆಯ ವರ್ಷಗಳಲ್ಲಿ ಒಂದು ನಾಡಕಚೇರಿಯ ಉಪ ತಹಶೀಲ್ದಾರನಾಗಿ ಇಂಥ ಅರ್ಜಿಗಳಿಗೆ ಸಹಿ ಹಾಕಿದವನು ನಾನು. ‘ವಾಸ ದೃಢಪಟ್ಟಿಲ್ಲ’ ಎಂದು ನಾನೂ ಎಷ್ಟೋ ಬಾರಿ ಬರೆದಿದ್ದೇನೆ. ಅದರ ಹಿಂದೆ ಸಾಮಾನ್ಯವಾಗಿ ಏನಿರುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ. ಅದು ಗೊತ್ತಾಗದೆ ಹೊಸ ಅರ್ಜಿ ಹಾಕಿದರೆ ಅದೇ ಉತ್ತರ ಮತ್ತೆ ಬರುತ್ತದೆ.

ಅರ್ಜಿ ಆನ್‌ಲೈನ್ ಆಗಿರುವುದರಿಂದ ಪರಿಶೀಲನೆಯನ್ನೂ ಕಂಪ್ಯೂಟರೇ ಮಾಡುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಕಂಪ್ಯೂಟರ್ ಮಾಡುವುದು ಟಪಾಲಿನ ಕೆಲಸ. ನೀವು ಅರ್ಜಿಯಲ್ಲಿ ಯಾವ ಗ್ರಾಮವನ್ನು ಆರಿಸಿದ್ದೀರೋ ಆ ಗ್ರಾಮದ ಆಡಳಿತಾಧಿಕಾರಿಗೆ, ಅಂದರೆ ಹಿಂದೆ ನಾವು ಗ್ರಾಮ ಲೆಕ್ಕಿಗರು ಎನ್ನುತ್ತಿದ್ದವರಿಗೆ, ಅದು ಹೋಗುತ್ತದೆ. ಅವರು ವಿಚಾರಣೆ ಮಾಡಿ ವರದಿ ಬರೆಯುತ್ತಾರೆ. ಅಲ್ಲಿಂದ ಕಂದಾಯ ನಿರೀಕ್ಷಕರಿಗೆ, ಅವರಿಂದ ಸಹಿ ಮಾಡುವ ಅಧಿಕಾರಿಗೆ. ಕೊನೆಯ ಸಹಿ ಡಿಜಿಟಲ್ ಆದರೂ ಮೊದಲ ವರದಿ ಬರೆಯುವವರು ನಿಮ್ಮ ಊರಿನ ಚಾವಡಿಯಲ್ಲಿ ಕುಳಿತ ಒಬ್ಬ ಮನುಷ್ಯ. ಆ ಮನುಷ್ಯನಿಗೆ ನೀವು ಯಾರೆಂದು ದಾಖಲೆಯಿಂದಲೋ ಊರವರ ಮಾತಿನಿಂದಲೋ ತಿಳಿಯಬೇಕು.

ಈಗ ನಿಮ್ಮ ಅರ್ಜಿಗೆ ಏನಾಗಿರಬಹುದು ನೋಡಿ. ಅಂಗಡಿಯವರು ‘ಎಲ್ಲಿದ್ದೀರಿ’ ಎಂದು ಕೇಳಿರುತ್ತಾರೆ, ನೀವು ದಾವಣಗೆರೆ ಎಂದಿರುತ್ತೀರಿ, ಅವರು ದಾವಣಗೆರೆಯ ವಾರ್ಡನ್ನು ಆರಿಸಿರುತ್ತಾರೆ. ಅಲ್ಲಿನ ಅಧಿಕಾರಿಯ ಮುಂದೆ ತೆರೆದುಕೊಂಡದ್ದು ಜಗಳೂರಿನ ಪಡಿತರ ಚೀಟಿ, ಜಗಳೂರಿನ ಪಹಣಿ. ಆ ವಾರ್ಡಿನಲ್ಲಿ ನೀವಿದ್ದೀರಿ ಎನ್ನಲು ಒಂದು ಕಾಗದವೂ ಇಲ್ಲ, ನಿಮ್ಮ ಜಾತಿಯನ್ನು ಬಲ್ಲವರೂ ಅಲ್ಲಿಲ್ಲ. ಆ ಜಾಗದಲ್ಲಿ ನಾನಿದ್ದರೂ ಅದನ್ನೇ ಬರೆಯುತ್ತಿದ್ದೆ. ಇದು ನನ್ನ ಊಹೆ. ಹಳೆಯ ಸ್ವೀಕೃತಿ ಪತ್ರ ಕೈಯಲ್ಲಿದ್ದರೆ ಅದರ ಮೇಲೆ ಯಾವ ಹೋಬಳಿ, ಯಾವ ಗ್ರಾಮ ಅಥವಾ ವಾರ್ಡ್ ಇದೆ ನೋಡಿ, ಊಹೆ ಸರಿಯೋ ತಪ್ಪೋ ಗೊತ್ತಾಗುತ್ತದೆ.

ಅದೇ ಪತ್ರದಲ್ಲಿ ಮೊಬೈಲ್ ಸಂಖ್ಯೆ ಯಾರದಿದೆ ಎಂಬುದನ್ನೂ ನೋಡಿ. ತಿರಸ್ಕೃತವಾದದ್ದು ತಿಂಗಳ ಬಳಿಕ ತಿಳಿಯಿತು ಎಂದಿದ್ದೀರಲ್ಲ, ಅದರ ಗುಟ್ಟು ಬಹುಶಃ ಅಲ್ಲಿದೆ. ದಿನಕ್ಕೆ ಮೂವತ್ತು ಅರ್ಜಿ ಹಾಕುವ ಅಂಗಡಿಯವರು ಪ್ರತಿಯೊಬ್ಬರ ಒಟಿಪಿಗೆ ಕಾಯುವುದು ಕಷ್ಟವೆಂದು ತಮ್ಮದೇ ಸಂಖ್ಯೆ ಕೊಟ್ಟುಬಿಡುವುದುಂಟು. ಆಗ ಸಂದೇಶವೆಲ್ಲ ಅವರ ಫೋನಿಗೆ ಹೋಗುತ್ತದೆ, ಅಲ್ಲೇ ಉಳಿಯುತ್ತದೆ.

ಎಲ್ಲಿಂದ ಹಾಕುವುದು ಎಂಬುದಕ್ಕೆ ನಿಮಗೆ ಎರಡು ದಾರಿಗಳಿವೆ. ಊರಿನ ಹೋಬಳಿಯಿಂದ ಹಾಕಿದರೆ ಪಡಿತರ ಚೀಟಿ, ಪಹಣಿ, ನಿಮ್ಮ ಅಣ್ಣತಮ್ಮಂದಿರ ಹಳೆಯ ಜಾತಿ ಪ್ರಮಾಣಪತ್ರ ಎಲ್ಲವೂ ಒಂದೇ ಕಡೆ ಸೇರುತ್ತವೆ. ವಿಚಾರಣೆಗೆ ಬಂದವರಿಗೆ ‘ಇವರು ನಮ್ಮವರು’ ಎನ್ನಲು ಪಕ್ಕದ ಮನೆಯವರಿದ್ದಾರೆ. ತೊಡಕೆಂದರೆ, ‘ಮನೆಗೆ ಬೀಗ ಹಾಕಿದೆ, ಇಲ್ಲಿ ವಾಸವಿಲ್ಲ’ ಎಂಬ ವರದಿ ಬರಬಹುದು. ಆದ್ದರಿಂದ ಅರ್ಜಿ ಹಾಕಿದ ವಾರದಲ್ಲೇ ಒಂದು ದಿನ ಊರಿಗೆ ಹೋಗಿ ಗ್ರಾಮ ಆಡಳಿತಾಧಿಕಾರಿಯನ್ನು ಮೂಲ ದಾಖಲೆಗಳೊಂದಿಗೆ ಕಾಣಬೇಕು. ಎರಡನೆಯ ದಾರಿ ದಾವಣಗೆರೆಯಿಂದಲೇ ಹಾಕುವುದು. ಅದಕ್ಕೆ ಬಾಡಿಗೆ ಕರಾರು, ದಾವಣಗೆರೆ ವಿಳಾಸದ ಆಧಾರ್, ಮಗಳ ಶಾಲಾ ದಾಖಲೆ, ಊರಿನ ಕಡೆಯ ಜಾತಿ ದಾಖಲೆ ಎಲ್ಲವೂ ಬೇಕಾಗುತ್ತದೆ, ವರದಿಗಾಗಿ ಎರಡು ತಾಲ್ಲೂಕುಗಳ ನಡುವೆ ಪತ್ರ ಓಡಾಡಲೂಬಹುದು. ಸಿಇಟಿ ತಲೆಯ ಮೇಲಿರುವಾಗ ನಾನು ಮೊದಲನೆಯದನ್ನೇ ಆರಿಸುತ್ತೇನೆ. ಆಧಾರ್ ವಿಳಾಸವೂ ಊರಿನದೇ ಆಗಿದ್ದರೆ ಯೋಚಿಸುವುದೇ ಬೇಡ.

ಮೊಬೈಲ್ ಕೈಗೆತ್ತಿಕೊಳ್ಳುವ ಮೊದಲು ಮೇಜಿನ ಮೇಲೆ ಮಗಳ ಆಧಾರ್ ಮತ್ತು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಪಕ್ಕಪಕ್ಕದಲ್ಲಿಡಿ. ಹೆಸರಿನ ಒಂದೊಂದು ಅಕ್ಷರವನ್ನೂ ಹೋಲಿಸಿ. ಒಂದರಲ್ಲಿ ‘ಕಾವ್ಯ ಎಚ್’, ಇನ್ನೊಂದರಲ್ಲಿ ‘ಕಾವ್ಯ ಹನುಮಂತಪ್ಪ’ ಎಂದಿದ್ದರೆ ನಿಮಗೆ ಇಬ್ಬರೂ ಒಬ್ಬಳೇ, ತಂತ್ರಾಂಶಕ್ಕೆ ಅಲ್ಲ. ಪ್ರಮಾಣಪತ್ರದ ಸಂಖ್ಯೆಯನ್ನು ಮುಂದೆ ಸಿಇಟಿ ಅರ್ಜಿಯಲ್ಲೂ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಜಾಲತಾಣದಲ್ಲೂ ಹಾಕುತ್ತೀರಿ. ಅಲ್ಲಿ ವಿದ್ಯಾರ್ಥಿಯ ಹೆಸರಿಗೂ ಪ್ರಮಾಣಪತ್ರದ ಹೆಸರಿಗೂ ತಾಳೆ ನೋಡುತ್ತಾರೆ. ಇನಿಷಿಯಲ್ ವ್ಯತ್ಯಾಸವಷ್ಟೇ ಆಗಿದ್ದರೆ ಹೇಗೋ ದಾಟಬಹುದು, ಹೆಸರೇ ಬೇರೆ ಎನ್ನುವಷ್ಟಿದ್ದರೆ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಅಂಥ ಸಂದರ್ಭದಲ್ಲಿ ಮೊದಲು ಆಧಾರ್ ತಿದ್ದಿಸಿ, ಆಮೇಲೆ ಅರ್ಜಿ ಹಾಕಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಹಾಗಾಗಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಬರುವ ಹಾಗೆ ನೋಡಿಕೊಳ್ಳಿ. ಅಂಕಪಟ್ಟಿ ತಿದ್ದಿಸುವುದು ಇದಕ್ಕಿಂತ ದೊಡ್ಡ ತಲೆನೋವು.

ಇನ್ನು ಆದಾಯ. ಹೆಚ್ಚು ತಪ್ಪುವುದು ಇಲ್ಲೇ, ತಪ್ಪಿಸುವುದೂ ಇಲ್ಲೇ. ‘ಹನ್ನೊಂದು ಸಾವಿರ ಬರೆಯಿರಿ, ಎಲ್ಲರೂ ಅದನ್ನೇ ಬರೆಯುತ್ತಾರೆ’ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಅದು ವರ್ಷದ ಆದಾಯ. ಅಂದರೆ ತಿಂಗಳಿಗೆ ಸಾವಿರ ರೂಪಾಯಿಗಿಂತ ಕಡಿಮೆ ಹಣದಲ್ಲಿ ನಾಲ್ಕು ಜನರ ಸಂಸಾರ, ಮೇಲೆ ಬಾಡಿಗೆ ಮನೆ! ಪರಿಶೀಲಿಸುವವರಿಗೂ ಗಣಿತ ಬರುತ್ತದೆ. ನಿಮ್ಮ ಲೆಕ್ಕವನ್ನು ಹೀಗೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅಂಕಿಗಳು ನನ್ನವು, ನಿಮ್ಮದನ್ನು ನೀವೇ ಹಾಕಿಕೊಳ್ಳಬೇಕು. ಆಟೊದಿಂದ ಡೀಸೆಲ್ ಅಥವಾ ಗ್ಯಾಸ್, ರಿಪೇರಿ, ಸಾಲದ ಕಂತು ಕಳೆದು ಕೈಯಲ್ಲುಳಿಯುವುದು ತಿಂಗಳಿಗೆ 8,000 ಎಂದಾದರೆ ವರ್ಷಕ್ಕೆ 96,000. ಎರಡು ಎಕರೆ ಮೆಕ್ಕೆಜೋಳದಲ್ಲಿ ಬೀಜ, ಗೊಬ್ಬರ, ಕೂಲಿ ಕಳೆದು ಉಳಿದದ್ದು 30,000. ಹೆಂಡತಿ ಹೊಲಿಗೆಯಿಂದ ತಿಂಗಳಿಗೆ 2,500 ಗಳಿಸಿದರೆ ವರ್ಷಕ್ಕೆ 30,000. ಒಟ್ಟು 1,56,000. ಕುಟುಂಬದ ಆದಾಯವೆಂದರೆ ತಂದೆ ಮಾತ್ರವಲ್ಲ, ತಾಯಿಯ ಗಳಿಕೆಯೂ ಸೇರುತ್ತದೆ.

ಬಿಪಿಎಲ್ ಕಾರ್ಡಿನ ಬಗ್ಗೆ ನಿಮ್ಮ ಭಯ ಪೂರ್ತಿ ಸುಳ್ಳಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1.20 ಲಕ್ಷ ರೂಪಾಯಿ. ಮೇಲಿನ ಲೆಕ್ಕ ಅದನ್ನು ದಾಟುತ್ತದೆ. ಪ್ರಮಾಣಪತ್ರ ಬಂದ ಮರುದಿನವೇ ಕಾರ್ಡ್ ಹೋಗುತ್ತದೆ ಎಂಬ ಮಾತಿಗೆ ಆಧಾರವಿಲ್ಲವಾದರೂ, ಒಂದೇ ಸರ್ಕಾರದ ಎರಡು ಕಡೆ ನಿಮ್ಮ ಎರಡು ಆದಾಯ ದಾಖಲಾಗಿರುತ್ತವೆ, ಮುಂದೊಂದು ದಿನ ಯಾರಾದರೂ ಕೇಳಬಹುದು. ಇನ್ನೊಂದು ಕಡೆ, ಕಡಿಮೆ ಬರೆದು ಅದು ಸುಳ್ಳೆಂದು ಸಾಬೀತಾದರೆ ರದ್ದಾಗುವುದು ಮಗಳ ಪ್ರಮಾಣಪತ್ರ, ಅದರ ಮೇಲೆ ಸಿಕ್ಕ ಸೀಟೂ ಪ್ರಶ್ನೆಗೊಳಗಾಗುತ್ತದೆ. ಮಗಳ ಸೀಟಿನ ಮೇಲೆ ಪಣ ಕಟ್ಟುವುದಕ್ಕಿಂತ ಕಾರ್ಡಿನ ಅಪಾಯವೇ ಮೇಲು ಎಂದು ನನ್ನ ಲೆಕ್ಕ. ನಿಮ್ಮ ನಿಜವಾದ ಮೊತ್ತ ಮಿತಿಯೊಳಗೇ ಇದ್ದರೆ ಈ ಗೊಂದಲವೇ ಇಲ್ಲ. ಆದ್ದರಿಂದ ಖರ್ಚು ಕಳೆಯದೆ ದಿನದ ಬಾಡಿಗೆಯನ್ನೆಲ್ಲ ಆದಾಯವೆಂದು ಕೂಡಿಸಿಬಿಡಬೇಡಿ, ಆ ತಪ್ಪನ್ನೂ ಕಂಡಿದ್ದೇನೆ.

ಸರಿ, ಈಗ ಮೊಬೈಲ್. ಬ್ರೌಸರ್‌ನ ವಿಳಾಸದ ಸಾಲಿನಲ್ಲಿ ಇದನ್ನು ನೀವೇ ಟೈಪ್ ಮಾಡಿ:

```
nadakacheri.karnataka.gov.in
```

ಹುಡುಕಾಟದಲ್ಲಿ ಬಂದ ಮೊದಲ ಕೊಂಡಿಯನ್ನು ಒತ್ತಬೇಡಿ. ಹೆಸರು ಹೋಲುವ ಖಾಸಗಿ ತಾಣಗಳು ಇರುತ್ತವೆ. ಕೊನೆಯಲ್ಲಿ karnataka.gov.in ಇದೆಯೇ ಎಂಬುದನ್ನು ಓದಿ ಮುಂದುವರಿಯಿರಿ. ಆನ್‌ಲೈನ್ ಅರ್ಜಿಯ ವಿಭಾಗದಲ್ಲಿ Apply Online ಎಂಬುದನ್ನು ಒತ್ತಿದರೆ ಮೊಬೈಲ್ ಸಂಖ್ಯೆ ಕೇಳುತ್ತದೆ. ನಿಮ್ಮ ಜೇಬಿನಲ್ಲಿರುವ ಫೋನಿನ ಸಂಖ್ಯೆಯನ್ನೇ ಕೊಡಿ, ಬಂದ ಒಟಿಪಿ ತುಂಬಿ ಒಳಗೆ ಹೋಗಿ. ಬಳಕೆದಾರ ಹೆಸರು, ಪಾಸ್‌ವರ್ಡ್ ಎಂದು ನೆನಪಿಡುವ ಗೋಜು ಇಲ್ಲ.

ಒಳಗೆ ಹೊಸ ಅರ್ಜಿಯ ಪಟ್ಟಿ ತೆರೆದಾಗ ಸ್ವಲ್ಪ ನಿಧಾನಿಸಿ. ಪಟ್ಟಿಯಲ್ಲಿ ಒಂದಕ್ಕೊಂದು ಹೋಲುವ ಸೇವೆಗಳಿವೆ. ಪರಿಶಿಷ್ಟ ಜಾತಿ, ಪಂಗಡದವರ ಜಾತಿ ಪ್ರಮಾಣಪತ್ರ ಬೇರೆ, ಅದು ಫಾರಂ-ಡಿ. ಪ್ರವರ್ಗ 1ರವರದು ಬೇರೆ, ಫಾರಂ-ಇ. ನಿಮ್ಮಂತೆ 2ಎ, ಹಾಗೆಯೇ 2ಬಿ, 3ಎ, 3ಬಿಗೆ ಸೇರಿದವರಿಗೆ ಜಾತಿ ಮತ್ತು ಆದಾಯ ಎರಡೂ ಒಂದೇ ಹಾಳೆಯಲ್ಲಿ ಬರುವ ಪ್ರಮಾಣಪತ್ರ ಬೇಕು, ಅದು ಫಾರಂ-ಎಫ್. ‘ಆದಾಯ ಪ್ರಮಾಣಪತ್ರ’ ಎಂಬುದನ್ನಷ್ಟೇ ಆರಿಸಿದರೆ ಅರ್ಜಿ ಮಂಜೂರಾಗಿ ಸೊಗಸಾದ ಪತ್ರವೂ ಬರುತ್ತದೆ, ಸಿಇಟಿಯ 2ಎ ಮೀಸಲಾತಿಗೆ ಮಾತ್ರ ನಡೆಯುವುದಿಲ್ಲ. ಇದು ತಿರಸ್ಕೃತವಾಗುವುದಕ್ಕಿಂತ ಕೆಟ್ಟದ್ದು, ಏಕೆಂದರೆ ದಾಖಲೆ ಪರಿಶೀಲನೆಯ ದಿನದವರೆಗೂ ತಪ್ಪು ಗೊತ್ತಾಗುವುದಿಲ್ಲ. ಒಬಿಸಿ ಪ್ರಮಾಣಪತ್ರ ಎಂಬುದು ಇನ್ನೊಂದು. ಅದು ಕೇಂದ್ರದ ಪಟ್ಟಿಗೆ ಸಂಬಂಧಿಸಿದ್ದು, ಜೆಇಇ ಅಥವಾ ನೀಟ್‌ನ ಅಖಿಲ ಭಾರತ ಕೋಟಾದಂಥವಕ್ಕೆ ಬೇಕಾದದ್ದು. ಮಗಳು ಅವನ್ನೂ ಬರೆಯುತ್ತಿದ್ದರೆ ಅದಕ್ಕೆ ಪ್ರತ್ಯೇಕವಾಗಿ ಅರ್ಜಿ ಹಾಕಬೇಕು. ರಾಜ್ಯದ ಫಾರಂ-ಎಫ್ ಅಲ್ಲಿ ಚಲಾವಣೆಯಾಗದು.

ಅರ್ಜಿದಾರರು ಯಾರು? ಪ್ರಮಾಣಪತ್ರ ಯಾರ ಹೆಸರಿಗೆ ಬೇಕೋ ಅವರು, ಅಂದರೆ ಮಗಳು. ತಂದೆ ಹಾಕುತ್ತಿರುವುದರಿಂದ ತಮ್ಮ ಹೆಸರನ್ನೇ ತುಂಬಿ ಕೈಸುಟ್ಟುಕೊಂಡವರು ಕಡಿಮೆಯಿಲ್ಲ. ಹೆಸರನ್ನು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ತುಂಬಬೇಕಾಗುತ್ತದೆ. ಕನ್ನಡದ ಪೆಟ್ಟಿಗೆಯಲ್ಲಿ ಒತ್ತಕ್ಷರ, ದೀರ್ಘ ಸರಿ ಬಿದ್ದಿವೆಯೇ ನೋಡಿ. ಪ್ರಮಾಣಪತ್ರದಲ್ಲಿ ಅಚ್ಚಾಗುವುದು ನೀವು ತುಂಬಿದ ರೂಪವೇ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂದು ಒಂದಾದ ಮೇಲೊಂದು ಆರಿಸುವಾಗ, ಈಗಾಗಲೇ ಮಾತಾಡಿದಂತೆ, ಊರಿನ ಗ್ರಾಮವನ್ನು ಆರಿಸಿ. ಒಂದೇ ಹೆಸರಿನ ಎರಡು ಹಳ್ಳಿಗಳಿದ್ದರೆ ಪಹಣಿಯ ತಲೆಯಲ್ಲಿರುವ ಹೋಬಳಿಯ ಹೆಸರನ್ನು ನೋಡಿಕೊಂಡು ತುಂಬಿ. ಜಾತಿಯ ಹೆಸರನ್ನು ಆಡುಮಾತಿನಲ್ಲಿ ಕರೆಯುವಂತೆ ಅಲ್ಲ, ಮಗಳ ಶಾಲಾ ವರ್ಗಾವಣೆ ಪತ್ರದಲ್ಲಿ ಬರೆದಿರುವಂತೆ ಪಟ್ಟಿಯಿಂದ ಆರಿಸಿ. ಶಾಲೆಯಲ್ಲಿ ಉಪಜಾತಿಯನ್ನಷ್ಟೇ ಬರೆದು ಪಟ್ಟಿಯಲ್ಲಿ ಆ ಹೆಸರು ಸಿಗದಿದ್ದರೆ ಅಂದಾಜಿನಿಂದ ಹತ್ತಿರದ್ದನ್ನು ಒತ್ತಬೇಡಿ, ನಿಮ್ಮ ತಂದೆ ಅಥವಾ ಅಣ್ಣತಮ್ಮಂದಿರ ಮಂಜೂರಾದ ಪ್ರಮಾಣಪತ್ರದಲ್ಲಿ ಏನಿದೆಯೋ ಅದನ್ನು ಅನುಸರಿಸಿ.

ದಾಖಲೆಗಳಲ್ಲಿ ನಾನು ಹೆಚ್ಚು ಬೆಲೆ ಕೊಡುತ್ತಿದ್ದದ್ದು ರಕ್ತಸಂಬಂಧಿಯೊಬ್ಬರಿಗೆ ಈ ಹಿಂದೆ ಕೊಟ್ಟ ಜಾತಿ ಪ್ರಮಾಣಪತ್ರಕ್ಕೆ. ಜತೆಗೆ ಮಗಳ ಶಾಲಾ ವರ್ಗಾವಣೆ ಪತ್ರ, ಪಡಿತರ ಚೀಟಿ, ಆಧಾರ್, ಆದಾಯಕ್ಕೆ ಪಹಣಿ ಮತ್ತು ನಿಮ್ಮ ಲೆಕ್ಕದ ಸ್ವಯಂ ಘೋಷಣೆ ಇರಲಿ. ಫೋಟೊ ತೆಗೆಯುವಾಗ ಕಾಗದವನ್ನು ಹಗಲಿನ ಬೆಳಕಿನಲ್ಲಿ, ನೆಲದ ಮೇಲಿಟ್ಟು, ನಾಲ್ಕು ಮೂಲೆ ಕಾಣುವಂತೆ ತೆಗೆಯಿರಿ. ನಿಮ್ಮ ತಲೆಯ ನೆರಳು ಸರಿಯಾಗಿ ಜಾತಿಯ ಕಾಲಂ ಮೇಲೆಯೇ ಬೀಳುತ್ತದೆ, ಅದೇನು ಮಾಯೆಯೋ. ಕಡತದ ಗಾತ್ರದ ಮಿತಿ ಪರದೆಯಲ್ಲೇ ಬರೆದಿರುತ್ತದೆ. ಕುಗ್ಗಿಸಿದ ಮೇಲೆ ಒಮ್ಮೆ ತೆರೆದು ಅಕ್ಷರ ಓದಲು ಬರುತ್ತದೆಯೇ ನೋಡಿ. ನಿಮಗೆ ಓದಲಾಗದ್ದು ಚಾವಡಿಯಲ್ಲಿರುವವರಿಗೂ ಓದಲಾಗದು.

ಉಳಿಸುವ ಮೊದಲು ಮಗಳನ್ನೇ ಪಕ್ಕದಲ್ಲಿ ಕೂರಿಸಿ ಗಟ್ಟಿಯಾಗಿ ಓದಿಸಿ. ಆಮೇಲೆ ಶುಲ್ಕ. ಹಣ ಕಡಿತವಾಗಿ ಪರದೆ ಸ್ತಬ್ಧವಾದರೆ ಗಾಬರಿಯಾಗಿ ಮತ್ತೊಮ್ಮೆ ಪಾವತಿಸಬೇಡಿ. ಹೊರಬಂದು ಅದೇ ಮೊಬೈಲ್ ಸಂಖ್ಯೆಯಿಂದ ಒಳಹೋಗಿ ಅರ್ಜಿಯ ಸ್ಥಿತಿ ನೋಡಿ. ಕೊನೆಗೆ ಬರುವ ಸ್ವೀಕೃತಿ ಪತ್ರವನ್ನು ಫೋನಿನಲ್ಲಿ ಉಳಿಸಿ, ಸಂಖ್ಯೆಯನ್ನು ಕಾಗದದಲ್ಲೂ ಬರೆದಿಡಿ.

‘ಯಾರನ್ನಾದರೂ ಹಿಡಿಯದೆ ಆಗುವುದಿಲ್ಲ’ ಎಂಬ ಮಾತಿಗೆ ಬರುತ್ತೇನೆ. ನನಗೇ ಒಂದು ಅನುಭವವಾಗಿದೆ. ನಿವೃತ್ತಿಯಾದ ಮೇಲೆ ಮೊಮ್ಮಗನ ಅರ್ಜಿ ಹಾಕಿ, ನಾನು ಯಾರೆಂದು ಹೇಳದೆ ಒಂದು ಕಚೇರಿಗೆ ಹೋಗಿ ವಿಚಾರಿಸಿದೆ. ಬಾಗಿಲಲ್ಲಿ ನಿಂತಿದ್ದ ಒಬ್ಬ ‘ಐನೂರು ಕೊಡಿ, ನಾಳೆ ಮಾಡಿಸಿಕೊಡುತ್ತೇನೆ’ ಎಂದ. ಕೊಡಲಿಲ್ಲ. ನಾಲ್ಕು ದಿನ ಬಿಟ್ಟು ಆನ್‌ಲೈನ್‌ನಲ್ಲಿ ನೋಡಿದರೆ ಅರ್ಜಿ ತನ್ನ ಪಾಡಿಗೆ ನಿರೀಕ್ಷಕರ ಹಂತ ದಾಟಿತ್ತು. ಅಂಥವರು ಮಾಡುವುದು ಇಷ್ಟೇ, ಹೇಗೂ ಆಗಲಿರುವ ಅರ್ಜಿಯನ್ನು ತಾವು ಮಾಡಿಸಿದಂತೆ ತೋರಿಸುವುದು. ಎಲ್ಲ ಕಡೆ ಎಲ್ಲವೂ ಸ್ವಚ್ಛ ಎಂದು ನಾನು ಹೇಳುವುದಿಲ್ಲ. ನಿಮ್ಮ ಕೈಯಲ್ಲಿ ಸಕಾಲ ಕಾಯ್ದೆ ಇದೆ. ಸ್ವೀಕೃತಿ ಪತ್ರದಲ್ಲಿ ಸೇವೆ ಕೊಡಬೇಕಾದ ಕೊನೆಯ ದಿನಾಂಕ ಇರುತ್ತದೆ. 2012ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಈ ಕಾಯ್ದೆಯಂತೆ ಆ ದಿನ ದಾಟಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ಹಣ ದೊಡ್ಡದಲ್ಲ. ಆದರೆ ವಿಳಂಬ ಅಧಿಕಾರಿಯ ಹೆಸರಿನಲ್ಲಿ ದಾಖಲಾಗುತ್ತದೆ, ಅದನ್ನು ಯಾರೂ ಇಷ್ಟಪಡುವುದಿಲ್ಲ. ದಿನಾಂಕ ಹತ್ತಿರವಾದಾಗ ಸ್ವೀಕೃತಿ ಪತ್ರ ಹಿಡಿದು ‘ಸಕಾಲದ ದಿನ ನಾಳೆಗೆ ಮುಗಿಯುತ್ತದಲ್ಲ ಸಾರ್’ ಎಂದರೆ ಸಾಕು.

ಮತ್ತೆ ತಿರಸ್ಕೃತವಾದರೆ ಕಾರಣ ಓದಿ. ದಾಖಲೆಯ ಕೊರತೆಯೆಂದರೆ ಸೇರಿಸಿ ಹೊಸ ಅರ್ಜಿ ಹಾಕುವುದೇ ಬೇಗದ ದಾರಿ. ನಿಮ್ಮ ಜಾತಿಯೇ 2ಎಗೆ ಸೇರಿಲ್ಲ, ಅಥವಾ ನೀವು ಆ ಜಾತಿಯವರಲ್ಲ ಎಂದು ತಹಶೀಲ್ದಾರರು ಆದೇಶ ಮಾಡಿದ್ದರೆ ಮಾತ್ರ ಹೊಸ ಅರ್ಜಿಯಿಂದ ಪ್ರಯೋಜನವಿಲ್ಲ. ಆಗ ಆದೇಶ ಕೈಸೇರಿದ 30 ದಿನಗಳೊಳಗೆ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಹೋಗಬೇಕು. ನಿಮ್ಮದು ಅಲ್ಲಿಗೆ ಮುಟ್ಟುವ ಪ್ರಕರಣದಂತೆ ಕಾಣುವುದಿಲ್ಲ.

ಮೊಬೈಲ್‌ನಲ್ಲಿ ಕೈ ಹಿಡಿತಕ್ಕೆ ಬಾರದಿದ್ದರೆ ಊರಿನ ಗ್ರಾಮ ಒನ್ ಕೇಂದ್ರದಲ್ಲೋ ನಾಡಕಚೇರಿಯ ಕೌಂಟರ್‌ನಲ್ಲೋ ಇದೇ ಅರ್ಜಿಯನ್ನು ಹಾಕಬಹುದು. ಅಲ್ಲೂ ಲೆಕ್ಕದ ಹಾಳೆ ನಿಮ್ಮದೇ, ಮೊಬೈಲ್ ಸಂಖ್ಯೆಯೂ ನಿಮ್ಮದೇ ಆಗಿರಲಿ.

ಮಂಜೂರಾದ ಪ್ರಮಾಣಪತ್ರದ ಮೇಲೆ RD ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಆ ಎರಡು ಅಕ್ಷರ, ಅದರ ಮುಂದೆ 13 ಅಂಕಿಗಳು. ಸಿಇಟಿಯಲ್ಲಿ ಕೇಳುವುದು ಇದನ್ನೇ, ಸ್ವೀಕೃತಿ ಪತ್ರವನ್ನಲ್ಲ. ಸೊನ್ನೆಯ ಜಾಗದಲ್ಲಿ ಇಂಗ್ಲಿಷ್‌ನ ಓ ಅಕ್ಷರ ಒತ್ತಿದರೆ ‘ಸಂಖ್ಯೆ ಅಮಾನ್ಯ’ ಎನ್ನುತ್ತದೆ. ನಿಮ್ಮ ಪ್ರವರ್ಗದ ಈ ಪತ್ರ 5 ವರ್ಷ ನಡೆಯುತ್ತದೆ. ಹಾಗಾಗಿ ಹೊಸ ಅರ್ಜಿಗೆ ಕೈಹಾಕುವ ಮೊದಲು ಇಷ್ಟು ಮಾಡಿ: ಎಂಟನೆಯ ಅಥವಾ ಹತ್ತನೆಯ ತರಗತಿಯಲ್ಲಿ ವಿದ್ಯಾರ್ಥಿವೇತನಕ್ಕಾಗಿ ಮಗಳ ಹೆಸರಿನಲ್ಲಿ ಏನಾದರೂ ಮಾಡಿಸಿದ್ದಿರೇ ಎಂದು ಹೆಂಡತಿಯನ್ನು ಕೇಳಿ, ಪೆಟ್ಟಿಗೆ ತೆಗೆದು ನೋಡಿ. ಫಾರಂ-ಎಫ್ ಆಗಿದ್ದು ಅವಧಿ ಉಳಿದಿದ್ದರೆ ಮೇಲೆ ಬರೆದ ಯಾವುದೂ ನಿಮಗೆ ಬೇಕಾಗದು.